ಪದ್ಯ ಬಾಯಿಪಾಠ ಆಯ್ತು, ಓದು ಎಲ್ಲಿ ಹೋಯ್ತು?

ಪ್ರಶ್ನೆ: ಮುಂಬೈಯ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಎರಡನೇ ತರಗತಿಗೆ ಕಲಿಸುತ್ತೇನೆ. ಮಕ್ಕಳಿಗೆ ಅಕ್ಷರ ಗೊತ್ತು, ಆದರೆ ಒಂದೊಂದೇ ಅಕ್ಷರ ಕೂಡಿಸಿ ತಡವರಿಸಿ ಓದುತ್ತಾರೆ. ಸಣ್ಣ ಪದ್ಯಗಳನ್ನು ಮತ್ತೆ ಮತ್ತೆ ಓದಿಸಿ ಎಂದು ತರಬೇತಿಯಲ್ಲಿ ಹೇಳಿದರು. ಓದಿಸಿದೆ. ಎರಡು ಮೂರು ದಿನಕ್ಕೆ ಎಲ್ಲರಿಗೂ ಬಾಯಿಪಾಠ, ಪುಸ್ತಕ ಮುಚ್ಚಿದರೂ ಹೇಳ್ತಾರೆ. ಹೊಸ ಪಾಠ ತೆಗೆದರೆ ಮತ್ತೆ ಅದೇ ತಡವರಿಕೆ. ಹಾಗಾದರೆ ಇದರಿಂದ ಲಾಭ ಇದೆಯಾ? ಎಷ್ಟು ಸಲ ಓದಿಸಬೇಕು?

ಉತ್ತರ: ಲಾಭ ಇದೆ. ಒಂದು ಕೂತಲ್ಲಿ ಮೂರು ನಾಲ್ಕು ಸಲ ಸಾಕು, ಅದಕ್ಕಿಂತ ಜಾಸ್ತಿ ಬೇಡ. ಆದರೆ ನಿಮ್ಮ ತೊಂದರೆ ಇರುವುದು ಎಷ್ಟು ಸಲ ಅನ್ನುವುದರಲ್ಲಿ ಅಲ್ಲ. ಮಗುವಿನ ಕಣ್ಣು ಅಕ್ಷರದ ಮೇಲೆ ಇರುವ ಹಾಗೆ ಓದಿಸುತ್ತಿದ್ದೇವಾ, ಮತ್ತು ಇವತ್ತಿನ ಪದ್ಯದಲ್ಲಿ ಕಂಡ ಪದಗಳು ನಾಳೆಯ ಓದಿನಲ್ಲಿ ಮತ್ತೆ ಸಿಗುತ್ತವಾ, ಈ ಎರಡರಲ್ಲಿ ಇದೆ.

ಈ ಪದ್ಧತಿ ಎಲ್ಲಿಂದ ಬಂತು ಅಂತ ಸ್ವಲ್ಪ ಹೇಳುತ್ತೇನೆ, ಯಾಕಂದರೆ ತರಬೇತಿಯಲ್ಲಿ ಸಾಮಾನ್ಯವಾಗಿ ಅರ್ಧ ಮಾತ್ರ ಹೇಳುತ್ತಾರೆ. ಅಮೆರಿಕದ ಜೇ ಸ್ಯಾಮ್ಯುಯೆಲ್ಸ್ 1979ರಲ್ಲಿ ಇದನ್ನು ಬರೆದಿಟ್ಟರು. ಮಗುವಿಗೆ ಚಿಕ್ಕದೊಂದು ಬರಹ ಕೊಡುವುದು, ಒಂದು ಮಟ್ಟದ ವೇಗ ಬರುವವರೆಗೆ ಅದನ್ನೇ ಓದಿಸುವುದು, ಆಮೇಲೆ ಮುಂದಿನದಕ್ಕೆ ಹೋಗುವುದು. ಹಿಂದಿನ ಯೋಚನೆ ಸರಳ. ನಮ್ಮ ಗಮನಕ್ಕೆ ಒಂದು ಮಿತಿ ಇದೆ. ಅದೆಲ್ಲ ಅಕ್ಷರ ಬಿಡಿಸುವುದರಲ್ಲೇ ಖರ್ಚಾದರೆ ಅರ್ಥಕ್ಕೆ ಏನೂ ಉಳಿಯುವುದಿಲ್ಲ. ಪದ ಗುರುತಿಸುವುದು ತಾನಾಗಿ ಆಗತೊಡಗಿದರೆ ಗಮನ ಅರ್ಥದ ಕಡೆ ಹೋಗುತ್ತದೆ. ಸ್ಯಾಮ್ಯುಯೆಲ್ಸ್ ಗಮನಿಸಿದ ಮುಖ್ಯ ಸಂಗತಿ ಇನ್ನೊಂದು. ಪ್ರತಿ ಹೊಸ ಬರಹದ ಮೊದಲ ಓದು, ಹಿಂದಿನ ಬರಹದ ಮೊದಲ ಓದಿಗಿಂತ ಚುರುಕಾಗುತ್ತಾ ಹೋಯಿತು. ಅವರು ಲಾಭ ಅಂತ ಹೇಳಿದ್ದು ಅದಕ್ಕೆ. ಹತ್ತನೇ ಸಲ ಪಟಪಟ ಓದುವುದಕ್ಕೆ ಅಲ್ಲ.

1985ರಲ್ಲಿ ರಾಶೊಟ್ ಮತ್ತು ಟಾರ್ಗೆಸನ್ ಎಂಬಿಬ್ಬರು ಇದನ್ನು ಇನ್ನಷ್ಟು ಕೆದಕಿ ನೋಡಿದರು. ಒಂದರ ಹಿಂದೆ ಒಂದು ಕೊಡುವ ಬರಹಗಳಲ್ಲಿ ಒಂದೇ ಪದಗಳು ತುಂಬ ಇದ್ದಾಗ ವೇಗ ಹೊಸ ಬರಹಕ್ಕೂ ದಾಟಿತು. ಪದಗಳು ಬೇರೆ ಬೇರೆ ಇದ್ದಾಗ, ಮತ್ತೆ ಮತ್ತೆ ಓದಿದ್ದಕ್ಕೂ ಅಷ್ಟೇ ಹೊತ್ತು ಬೇರೆ ಬೇರೆ ಓದಿದ್ದಕ್ಕೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ನಿಮ್ಮ ತರಗತಿಯಲ್ಲಿ ಆಗಿರುವುದೂ ಇದೇ ಅಂತ ನನ್ನ ಊಹೆ. ಈ ವಾರ ಚಂದಮಾಮನ ಪದ್ಯ, ಮುಂದಿನ ವಾರ ತರಕಾರಿ ಪದ್ಯ, ಅದರ ಮುಂದೆ ಧ್ವಜದ ಪದ್ಯ. ಒಂದರ ಪದ ಇನ್ನೊಂದರಲ್ಲಿ ಇಲ್ಲ. ಮಗು ಪ್ರತಿ ಸೋಮವಾರ ಹೊಸದಾಗಿ ಶುರು ಮಾಡುತ್ತದೆ.

ಇನ್ನು ಕನ್ನಡದ ಮಾತು. ಇಂಗ್ಲಿಷ್ ಮಕ್ಕಳಿಗೆ ಮಾಡಿದ್ದನ್ನು ಹಾಗೇ ಇಳಿಸಿದರೆ ಆಗುವುದಿಲ್ಲ. ನಮ್ಮ ಮಗು ಕಲಿಯಬೇಕಾದದ್ದು ಐವತ್ತು ಅಕ್ಷರ ಮಾತ್ರ ಅಲ್ಲ, ಕಾಗುಣಿತ ಸೇರಿ ನಾನೂರಕ್ಕೂ ಹೆಚ್ಚು ರೂಪಗಳು, ಅದರ ಮೇಲೆ ಒತ್ತಕ್ಷರ. ಕನ್ನಡ ಮಕ್ಕಳ ಓದನ್ನು ಅಧ್ಯಯನ ಮಾಡಿದ ಸೋನಾಲಿ ನಾಗ್ 2007ರಲ್ಲೇ ತೋರಿಸಿದ್ದಾರೆ, ಈ ಕಲಿಕೆ ಒಂದನೇ ತರಗತಿಗೆ ಮುಗಿಯುವುದಿಲ್ಲ, ಮುಂದಿನ ತರಗತಿಗಳವರೆಗೂ ನಡೆಯುತ್ತಲೇ ಇರುತ್ತದೆ. ಆದ್ದರಿಂದ 'ಅಕ್ಷರ ಗೊತ್ತು' ಅಂತ ನೀವು ಹೇಳುವಾಗ ಯಾವ ಅಕ್ಷರ ಅಂತ ಒಮ್ಮೆ ನೋಡಿ. ಎರಡನೇ ತರಗತಿಯ ತಡವರಿಕೆಯಲ್ಲಿ ಬಹುಪಾಲು ನಾನು ಕಂಡಿದ್ದು ಎರಡು ಕಡೆ: ಒತ್ತಕ್ಷರದಲ್ಲಿ, ಮತ್ತು ಪದದ ಕೊನೆಯಲ್ಲಿ. ಕನ್ನಡ ಪದದ ಬಾಲ ಉದ್ದ ಅಲ್ವಾ. ಮೂಲೆ, ಮೂಲೆಯ, ಮೂಲೆಯಲ್ಲಿ, ಮೂಲೆಯಲ್ಲಿತ್ತು. ಮಗುವಿಗೆ 'ಮೂಲೆ' ಸಿಕ್ಕಿರುತ್ತದೆ, ಬಾಲದಲ್ಲಿ ಉಸಿರು ನಿಲ್ಲುತ್ತದೆ.

ಹಾಗಾಗಿ ಪದ್ಯ ಆರಿಸುವಾಗ ವಿಷಯ ನೋಡುವುದಕ್ಕಿಂತ ಮೊದಲು ಒತ್ತು ಮತ್ತು ಬಾಲ ನೋಡಿ. ಬೇಕಾದ ಹಾಗೆ ಸಿಗದಿದ್ದರೆ ನೀವೇ ಬರೆಯಿರಿ. ಕವಿತೆ ಅನ್ನುವ ಮಟ್ಟಕ್ಕೆ ಬೇಡ, ಲಯ ತಪ್ಪದಿದ್ದರೆ ಸಾಕು. ತರಗತಿಗೆಂದು ನಾನು ಕಟ್ಟಿಕೊಂಡ ಒಂದನ್ನು ಕೊಡುತ್ತೇನೆ, ಮುಂದಿನದ್ದೆಲ್ಲ ಇದನ್ನೇ ಇಟ್ಟುಕೊಂಡು ಹೇಳುತ್ತೇನೆ.

ಟಪ್ ಟಪ್ ಟಪ್ ಟಪ್ ಮಳೆ ಬಂತು
ಪಕ್ಕದ ರಸ್ತೆಯು ಹೊಳೆಯಾಯ್ತು
ಅಪ್ಪನ ಚಪ್ಪಲಿ ತೇಲಿತ್ತು
ಅಕ್ಕನ ಕೊಡೆಯೂ ಹಾರಿತ್ತು

ಬೆಕ್ಕಿನ ಮರಿಯೂ ನಡುಗಿತ್ತು
ಬೆಚ್ಚನೆ ಮೂಲೆಯ ಹುಡುಕಿತ್ತು
ಅಜ್ಜಿಯ ಸೆರಗೇ ಸಿಕ್ಕಿತ್ತು
ಮೆಲ್ಲಗೆ ಒಳಗಡೆ ಹೊಕ್ಕಿತ್ತು

ಇದರಲ್ಲಿ 27 ಪದ, 79 ಅಕ್ಷರ ಇವೆ. (ಟಪ್ ಅನ್ನು ಎರಡು ಅಂತ ಎಣಿಸಿದ್ದೇನೆ, ಒತ್ತಕ್ಷರವನ್ನು ಒಂದು ಅಂತ.) ಒತ್ತಕ್ಷರ 18. ಅದರಲ್ಲಿ ಹದಿನಾರು ಸಜಾತಿ, ಅಂದರೆ ಕ್ಕ, ಪ್ಪ, ತ್ತ ಥರದವು. ವಿಜಾತಿ ಎರಡೇ: ಸ್ತೆ ಮತ್ತು ಯ್ತು. ಸಾಲಿನ ಕೊನೆಗೆ 'ಇತ್ತು' ಆರು ಸಲ ಬರುತ್ತದೆ. ಪ್ರಾಸಕ್ಕೆ ಅಂತ ಮಾತ್ರ ಹಾಕಿದ್ದಲ್ಲ. ಆ ಬಾಲವನ್ನು ಮಗು ಒಂದೇ ನೋಟಕ್ಕೆ ಹಿಡಿಯಲಿ ಅಂತ. ಕಥೆಯಲ್ಲಿ, ಪಾಠದಲ್ಲಿ, ಎಲ್ಲ ಕಡೆ ಇದೇ ಬಾಲ ಬರುತ್ತದೆ.

ಈಗ ವಾರದ ಕೆಲಸ. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಪದ್ಯವನ್ನು ದಪ್ಪಗೆ ಬರೆದು ತೂಗುಹಾಕಿ. ಚಿತ್ರ ಬೇಡ. ಚಿತ್ರ ಇದ್ದರೆ ಮಗು ಅದನ್ನು ನೋಡಿ ಪದ ಊಹಿಸುತ್ತದೆ. ಜೊತೆಗೆ ಪ್ರತಿ ಮಗುವಿನ ಕೈಯಲ್ಲೂ ಒಂದು ಪ್ರತಿ ಇರಬೇಕು, ಇದರಲ್ಲಿ ರಾಜಿ ಇಲ್ಲ. ಗೋಡೆಯ ಮೇಲಿನದ್ದು ಒಟ್ಟಿಗೆ ಹಾಡಲು ಸರಿ, ಓದುವುದು ಕೈಯಲ್ಲಿರುವ ಹಾಳೆಯಿಂದ.

ಸೋಮವಾರ ನೀವು ಓದಿ ತೋರಿಸುವ ಮೊದಲೇ ನಾಲ್ಕೈದು ಮಕ್ಕಳನ್ನು ಒಬ್ಬೊಬ್ಬರಾಗಿ ಹತ್ತಿರ ಕರೆದು ಓದಿಸಿ. ಇದನ್ನು ಹಸಿ ಓದು ಅಂತ ಕರೆಯೋಣ. ಸಮಯ ಬರೆದುಕೊಳ್ಳಿ, ತಪ್ಪಿದ ಅಕ್ಷರದ ಕೆಳಗೆ ನಿಮ್ಮ ಪ್ರತಿಯಲ್ಲಿ ಗೆರೆ ಎಳೆಯಿರಿ. ಎಲ್ಲರನ್ನೂ ಒಂದೇ ವಾರ ನೋಡಬೇಕಿಲ್ಲ, ಇವರದ್ದು ನಾಲ್ಕೈದು ಪದ್ಯ ಆದ ಮೇಲೆ ಬೇರೆ ಐವರು. ಇದನ್ನು ಬಿಟ್ಟರೆ ಲಾಭ ಆಯಿತೋ ಇಲ್ಲವೋ ಅಂತ ಮುಂದೆ ಹೇಳಲು ಆಗುವುದಿಲ್ಲ.

ಆಮೇಲೆ ನೀವು ಎರಡು ಸಲ ಓದಿ. ಮೊದಲ ಸಲ ಮಕ್ಕಳು ಸುಮ್ನೆ ಕೇಳಲಿ. ಹೊಕ್ಕಿತ್ತು, ಬೆಚ್ಚನೆ, ಸೆರಗು ಯಾರಿಗಾದರೂ ಗೊತ್ತಿಲ್ಲವಾ ಅಂತ ಕೇಳಿ ಅರ್ಥ ಮುಗಿಸಿಕೊಳ್ಳಿ. ಎರಡನೇ ಸಲ ಅವರ ಬೆರಳು ಹಾಳೆಯ ಮೇಲೆ ಪದದಿಂದ ಪದಕ್ಕೆ ಸಾಗಬೇಕು. ನಂತರ ನೀವು ಒಂದು ಸಾಲು, ಅವರು ಒಂದು ಸಾಲು. ಕೊನೆಗೆ ಎಲ್ಲರೂ ಒಟ್ಟಿಗೆ. ಅಲ್ಲಿಗೆ ಆ ದಿನ ಸಾಕು. ಒಟ್ಟಿಗೆ ಓದುವಾಗ ಒಂದು ಮೋಸ ನಡೆಯುತ್ತದೆ, ನಿಮಗೂ ಗೊತ್ತಿರುತ್ತದೆ. ನಾಲ್ಕು ಗಟ್ಟಿ ದನಿಯವರು ಓದುತ್ತಾರೆ, ಉಳಿದವರು ಬಾಯಿ ಆಡಿಸುತ್ತಾರೆ. ತರಗತಿಯನ್ನು ಎರಡು ಭಾಗ ಮಾಡಿ, ಒಂದು ಭಾಗ ಮಳೆಯ ನಾಲ್ಕು ಸಾಲು, ಇನ್ನೊಂದು ಬೆಕ್ಕಿನ ನಾಲ್ಕು ಸಾಲು ಅಂತ ಹಂಚಿದರೆ ಬಾಯಿ ಆಡಿಸುವವರು ಬೇಗ ಸಿಕ್ಕಿಬೀಳುತ್ತಾರೆ.

ಮಂಗಳವಾರ ಜೋಡಿ ಓದು. ಒಬ್ಬ ಓದಿದರೆ ಇನ್ನೊಬ್ಬ ತನ್ನ ಹಾಳೆಯಲ್ಲಿ ಬೆರಳಿಟ್ಟು ಹಿಂಬಾಲಿಸಬೇಕು, ತಪ್ಪಿದರೆ ಪದ ಹೇಳಿಕೊಡಬೇಕು. ನಂತರ ಅದಲುಬದಲು. ಹೀಗೆ ಎರಡು ಸುತ್ತು ಆದರೆ ಪ್ರತಿ ಮಗುವಿನ ಕಣ್ಣು ಪದ್ಯದ ಮೇಲೆ ನಾಲ್ಕು ಸಲ ಹೋಗುತ್ತದೆ, ಬಾಯಿ ಎರಡು ಸಲ. ಜೋಡಿಯಲ್ಲಿ ಇಬ್ಬರ ನಡುವೆ ಅಂತರ ಸ್ವಲ್ಪವೇ ಇರಲಿ. ತರಗತಿಯ ಜಾಣನನ್ನೂ ತೀರ ಹಿಂದಿರುವವನನ್ನೂ ಕೂಡಿಸಿದರೆ ಜಾಣ ತಾನೇ ಓದಿ ಮುಗಿಸಿಬಿಡುತ್ತಾನೆ.

ಬುಧವಾರವೇ ಬಾಯಿಪಾಠದ ದಿನ. ಎಂಟು ಸಾಲಿನ ಪದ್ಯ ಏಳು ವರ್ಷದ ಮಗುವಿನ ಬಾಯಿಗೆ ಬರಲು ಅಷ್ಟು ಸಾಕು. ಅದನ್ನು ತಡೆಯಲು ಹೋಗಬೇಡಿ. ಪದ್ಯ ಬಾಯಿಗೆ ಬರುವುದು ಕೆಟ್ಟದ್ದೇನಲ್ಲ. ಮುಂದಿನ ಪದ ಮೊದಲೇ ಗೊತ್ತಿರುವಾಗ, ಕಣ್ಣು ಆ ಪದದ ಮೇಲೆ ನಿಂತರೆ ದನಿಗೂ ಬರಹಕ್ಕೂ ನಂಟು ಬೀಳುತ್ತದೆ. ಸಣ್ಣವರಿಗೆ ಪದ್ಯ ಒಳ್ಳೆಯದು ಅನ್ನುವುದು ಇದಕ್ಕೇ. ಲಯ ಮುಂದಕ್ಕೆ ತಳ್ಳುತ್ತದೆ, ಪ್ರಾಸ ಕೊನೆಯ ಪದವನ್ನು ಹೇಳಿಕೊಡುತ್ತದೆ, ಮಗು ಮಧ್ಯದಲ್ಲಿ ಕೈಬಿಡುವುದಿಲ್ಲ. ಕೆಡುವುದು ಕಣ್ಣು ಕಿಟಕಿಯ ಕಡೆ ಇದ್ದಾಗ ಮಾತ್ರ. ಆದ್ದರಿಂದ ಬುಧವಾರದಿಂದ ಪದ್ಯದ ಕ್ರಮ ಮುರಿಯಿರಿ.

ಮೊದಲು ಸಾಲುಗಳನ್ನು ಚೀಟಿಗಳಲ್ಲಿ ಬರೆದು ಕಲಸಿ ಕೊಡಿ. ಒಂದೊಂದು ಚೀಟಿ ಎತ್ತಿ ಓದಲಿ. 'ಅಜ್ಜಿಯ ಸೆರಗೇ ಸಿಕ್ಕಿತ್ತು' ಚೀಟಿ ಕೈಗೆ ಬಂದಾಗ ಮಗು ತುಟಿಯಲ್ಲೇ ಮೊದಲ ಸಾಲಿನಿಂದ ಗುಣುಗುಟ್ಟಿ ಅಲ್ಲಿಗೆ ಬರುತ್ತಿದ್ದರೆ, ಅದು ಇನ್ನೂ ಓದುತ್ತಿಲ್ಲ. ಆಮೇಲೆ ಹಾಳೆಯಲ್ಲಿ 'ಹುಡುಕಿತ್ತು ಎಲ್ಲಿದೆ, ತೋರಿಸು' ಅಂತ ಕೇಳಿ. ಕೆಳಗಿನ ಸಾಲಿನಿಂದ ಮೇಲಕ್ಕೆ ಓದಿಸಿ. ಇದೆಲ್ಲ ಆಟದ ಹಾಗೆ ಐದು ನಿಮಿಷದ ಕೆಲಸ.

ನನಗೆ ಹೆಚ್ಚು ನಂಬಿಕೆ ಇರುವುದು ಗುರುವಾರದ ತಂತ್ರದ ಮೇಲೆ. ಅದೇ ಪದ್ಯವನ್ನು ಪದ ಬದಲಿಸಿ ಹೊಸ ಹಾಳೆಯಲ್ಲಿ ಕೊಡುವುದು, ಏನೂ ಹೇಳದೆ.

ಟಪ್ ಟಪ್ ಟಪ್ ಟಪ್ ಮಳೆ ಬಂತು
ಪಕ್ಕದ ರಸ್ತೆಯು ಹೊಳೆಯಾಯ್ತು
ಅಕ್ಕನ ಚಪ್ಪಲಿ ಹಾರಿತ್ತು
ಅಪ್ಪನ ಕೊಡೆಯೂ ತೇಲಿತ್ತು
ಬೆಕ್ಕಿನ ಮರಿಯೂ ಹುಡುಕಿತ್ತು
ಬೆಚ್ಚನೆ ಹಾಸಿಗೆ ಸಿಕ್ಕಿತ್ತು

ಹೊಸ ಪದ ಒಂದೇ, ಹಾಸಿಗೆ. ಉಳಿದದ್ದೆಲ್ಲ ಹಳೆಯ ಪದಗಳು ಜಾಗ ಬದಲಿಸಿಕೊಂಡಿವೆ. ಅಕ್ಕನ, ಅಪ್ಪನ ಬೇಕೆಂದೇ ಅದಲುಬದಲು ಮಾಡಿದ್ದು, ಎರಡೂ ನೋಡಲು ಒಂದೇ ಥರ ಇವೆ. ಬಾಯಿಂದ ಹೇಳುವ ಮಗು 'ಅಪ್ಪನ ಚಪ್ಪಲಿ ತೇಲಿತ್ತು' ಅಂತ ಹೇಳಿಕೊಂಡು ಹೋಗುತ್ತದೆ, ತಪ್ಪಿದ್ದು ಅದಕ್ಕೆ ಗೊತ್ತೇ ಆಗುವುದಿಲ್ಲ. ಕಣ್ಣಿಂದ ಓದುವ ಮಗು ಮೂರನೇ ಸಾಲಿನಲ್ಲಿ ಗಕ್ಕನೆ ನಿಲ್ಲುತ್ತದೆ, ನಿಮ್ಮ ಮುಖ ನೋಡುತ್ತದೆ, ನಗುತ್ತದೆ. ಇನ್ನು ಕೆಲವರು ತಪ್ಪು ಹೇಳಿ, ಅರೆಕ್ಷಣ ಬಿಟ್ಟು ತಾವೇ ತಿದ್ದಿಕೊಳ್ಳುತ್ತಾರೆ. ಅವರು ದಾರಿಯಲ್ಲಿದ್ದಾರೆ. ತರಗತಿಯಲ್ಲಿ ಯಾರು ಎಲ್ಲಿದ್ದಾರೆ ಅಂತ ತಿಳಿಯಲು ಇದಕ್ಕಿಂತ ಸುಲಭದ ಪರೀಕ್ಷೆ ನನಗೆ ಗೊತ್ತಿಲ್ಲ. ಒಂದು ಸಲ ಮೋಸ ಹೋದ ಮಕ್ಕಳು ಮುಂದಿನ ವಾರದಿಂದ ಹಾಳೆಯನ್ನು ಅನುಮಾನದಿಂದಲೇ ನೋಡುತ್ತಾರೆ, ನಮಗೆ ಬೇಕಾದದ್ದೂ ಅದೇ.

ಶುಕ್ರವಾರ ಗದ್ಯ. ಇದನ್ನು ಬಿಡಬಾರದು. ಪದ್ಯದ ಲಯ ಎಷ್ಟು ಬಲವಾದದ್ದು ಅಂದರೆ, ಮಗು ಪಾಠವನ್ನೂ ಅದೇ ಏರಿಳಿತದಲ್ಲಿ ಹಾಡಲು ಶುರು ಮಾಡುತ್ತದೆ. ಅದೇ ಪದಗಳನ್ನು ಬೇರೆ ಬಾಲ ಹಚ್ಚಿ ಮೂರು ವಾಕ್ಯ ಬರೆಯಿರಿ:

ಅಪ್ಪ ಕೊಡೆ ಹಿಡಿದು ರಸ್ತೆಗೆ ಬಂದರು. ಒಂದು ಬೆಕ್ಕು ಚಪ್ಪಲಿ ಅಂಗಡಿಯ ಮೂಲೆಯಲ್ಲಿ ನಡುಗುತ್ತಿತ್ತು. ಅಕ್ಕ ಅದನ್ನು ಮೆಲ್ಲಗೆ ಎತ್ತಿಕೊಂಡಳು.

ಪದ್ಯದ 'ನಡುಗಿತ್ತು' ಇಲ್ಲಿ 'ನಡುಗುತ್ತಿತ್ತು' ಆಗಿದೆ, 'ಮೂಲೆಯ' ಹೋಗಿ 'ಮೂಲೆಯಲ್ಲಿ' ಬಂದಿದೆ. ಮಗು ಇಲ್ಲಿ ತಡೆದರೆ ಆಶ್ಚರ್ಯ ಇಲ್ಲ. ಹಲಗೆಯ ಮೇಲೆ 'ನಡುಗು' ಬರೆದು, ಪಕ್ಕದಲ್ಲಿ 'ಇತ್ತು', 'ಉತ್ತಿತ್ತು' ಎರಡನ್ನೂ ಸೇರಿಸಿ ತೋರಿಸಿ. ಹುಡುಕು, ಸಿಕ್ಕು, ಹಾರು ಇವಕ್ಕೂ ಅದನ್ನೇ ಮಾಡಿ. ಎರಡು ನಿಮಿಷ ಸಾಕು.

ಮುಂದಿನ ಸೋಮವಾರದ ಪದ್ಯ ಹಿಂದಿನದ್ದಕ್ಕೆ ನೆಂಟಸ್ತಿಕೆ ಇರುವುದಾಗಿರಲಿ. ಹೀಗೆ:

ಅಕ್ಕನ ಬುಟ್ಟಿಯು ಬಿದ್ದಿತ್ತು
ಪಕ್ಕದ ಬೆಕ್ಕದು ನೋಡಿತ್ತು
ಮೆಲ್ಲಗೆ ಬಾಲವ ಎತ್ತಿತ್ತು
ಬುಟ್ಟಿಯ ಒಳಗಡೆ ಹೊಕ್ಕಿತ್ತು

ಹನ್ನೆರಡು ಪದಗಳಲ್ಲಿ ಐದು ಹಾಗೆಹಾಗೇ ಮೊದಲ ಪದ್ಯದವು. ಹೊಸ ಒತ್ತು ಎರಡೇ, ಟ್ಟ ಮತ್ತು ದ್ದ. ಇನ್ನೂ ನಾಲ್ಕು ಸಾಲು ನೀವೇ ಸೇರಿಸಬಹುದು. ಹೀಗೆ ಮೂರು ನಾಲ್ಕು ಪದ್ಯ ಒಂದು ಬಳಗವಾಗಿ ಹೋಗಲಿ, ನಂತರ ವಿಜಾತಿ ಒತ್ತಿನ ಬಳಗಕ್ಕೆ ಹೋಗಿ: ರಸ್ತೆ, ಪುಸ್ತಕ, ರಾತ್ರಿ, ಚಿತ್ರ. ಸೂರ್ಯ, ಅರ್ಧ ಥರದ ಅರ್ಕಾವತ್ತಿನ ಪದಗಳು ಎಲ್ಲಕ್ಕಿಂತ ಕೊನೆಗೆ. ಅರ್ಕಾವತ್ತು ಬರೆಯುವುದು ಅಕ್ಷರದ ನಂತರ, ಓದುವುದು ಅಕ್ಷರಕ್ಕಿಂತ ಮೊದಲು. ಮೇಲಾಗಿ ನಿಮ್ಮ ಮಕ್ಕಳು ಮರಾಠಿಯನ್ನೂ ಕಲಿಯುತ್ತಾರೆ. ದೇವನಾಗರಿಯಲ್ಲಿ ಆ 'ರ್' ಮುಂದಿನ ಅಕ್ಷರದ ತಲೆಯ ಮೇಲೆ ಕೂರುತ್ತದೆ, ಜೋಡಕ್ಷರದಲ್ಲಿ ಹೆಚ್ಚಾಗಿ ಅರ್ಧ ಅಕ್ಷರ ಎಡಕ್ಕೆ ಬರುತ್ತದೆ. ನಮ್ಮಲ್ಲಿ ಒತ್ತು ಕೆಳಗೆ ಬರುತ್ತದೆ. ಒಂದೇ ದಿನ ಎರಡೂ ಲಿಪಿ ನೋಡುವ ಮಗುವಿಗೆ ಇಲ್ಲಿ ಗೊಂದಲ ಆಗುವುದು ಸಹಜ. ಅದನ್ನು ದಡ್ಡತನ ಅಂತ ತಿಳಿಯಬೇಡಿ.

ಲೆಕ್ಕ ಹೇಗೆ ಇಡುವುದು ಅಂತ ಒಂದು ಉದಾಹರಣೆ ನೋಡೋಣ. ಒಬ್ಬ ಹುಡುಗಿ ಅಂದುಕೊಳ್ಳಿ. ಮಳೆಯ ಪದ್ಯದ ಹಸಿ ಓದಿಗೆ ಎರಡು ನಿಮಿಷ ಹದಿನೈದು ಸೆಕೆಂಡ್ ತೆಗೆದುಕೊಂಡಳು, ಏಳು ಅಕ್ಷರ ತಪ್ಪಿತು. 79ರಲ್ಲಿ 72 ಸರಿ, ಅಂದರೆ ನಿಮಿಷಕ್ಕೆ 32 ಅಕ್ಷರ. ಬುಧವಾರ ಅದೇ ಪದ್ಯವನ್ನು ಒಂದು ನಿಮಿಷಕ್ಕೆ ಮುಗಿಸಿದಳು, ತಪ್ಪು ಎರಡು. ನಿಮಿಷಕ್ಕೆ 77. ದುಪ್ಪಟ್ಟಿಗಿಂತ ಜಾಸ್ತಿ ಆಯಿತು ಅಂತ ಖುಷಿಪಡುವ ಹಾಗಿಲ್ಲ, ಅದರಲ್ಲಿ ನೆನಪಿನ ಪಾಲು ದೊಡ್ಡದು. ಮುಂದಿನ ಸೋಮವಾರ ಬುಟ್ಟಿಯ ಪದ್ಯ, 37 ಅಕ್ಷರ. ಹಸಿ ಓದಿಗೆ 52 ಸೆಕೆಂಡ್, ಮೂರು ತಪ್ಪು. ಹಾಗಾದರೆ ನಿಮಿಷಕ್ಕೆ 39. ಅವಳ ನಿಜವಾದ ಗಳಿಕೆ 32ರಿಂದ 39. ಇದೂ ಒಂದೇ ವಾರದ ಅಳತೆ. ಪದ್ಯ ಸುಲಭವಾಗಿದ್ದರಿಂದಲೂ ಅಷ್ಟು ಏರಬಹುದು. ನಾಲ್ಕೈದು ಪದ್ಯಗಳ ಹಸಿ ಓದನ್ನು ಒಂದು ಸಾಲಿನಲ್ಲಿ ಬರೆದರೆ ಚಿತ್ರ ಸಿಗುತ್ತದೆ. ಸಂಖ್ಯೆ ನಿಧಾನವಾಗಿ ಏರುತ್ತಿದ್ದರೆ ನಿಮ್ಮ ಪದ್ಯಗಳು ಕೆಲಸ ಮಾಡುತ್ತಿವೆ. ಕೊನೆಯ ಓದು ಮಾತ್ರ ಏರಿ ಹಸಿ ಓದು ಅಲ್ಲೇ ಇದ್ದರೆ, ಬಾಯಿಪಾಠ ಮಾತ್ರ ನಡೆಯುತ್ತಿದೆ.

ಪದ ಬಿಟ್ಟು ಅಕ್ಷರ ಯಾಕೆ ಎಣಿಸಿದೆ ಅಂತ ಕೇಳಬಹುದು. ಕೇಂದ್ರ ಸರ್ಕಾರದ ನಿಪುಣ್ ಭಾರತ್ ಯೋಜನೆಯ ಗುರಿಯಲ್ಲಿ ಎರಡನೇ ತರಗತಿಗೆ ನಿಮಿಷಕ್ಕೆ 45ರಿಂದ 60 ಪದ ಅಂತ ಇದೆ, ಅದು ನಿಮ್ಮ ಶಾಲೆಯ ಕಾಗದಗಳಲ್ಲೂ ಇರಬಹುದು. ಎಲ್ಲ ಭಾಷೆಗೂ ಒಂದೇ ಅಳತೆ ಹಿಡಿದರೆ ಕನ್ನಡ ಮಗುವಿಗೆ ಕಷ್ಟ. 'ಮಳೆ'ಯೂ ಒಂದು ಪದ, 'ನಡುಗುತ್ತಿತ್ತು' ಕೂಡ ಒಂದೇ ಪದ. ವರದಿಗೆ ಪದ ಬರೆಯಿರಿ, ನಿಮ್ಮ ವಹಿಯಲ್ಲಿ ಅಕ್ಷರ ಇಡಿ. ಇನ್ನೊಬ್ಬ ಮಗುವಿನ ಜೊತೆ ಹೋಲಿಸಬೇಡಿ, ಅದೇ ಮಗುವಿನ ಹಿಂದಿನ ಸೋಮವಾರದ ಜೊತೆ ಹೋಲಿಸಿ. ಗಡಿಯಾರವನ್ನು ಮಕ್ಕಳ ಕಣ್ಣಿಗೆ ಕಾಣುವಂತೆ ಇಡಬೇಡಿ. ಓಟದ ಪಂದ್ಯ ಅನ್ನಿಸಿದ ಕೂಡಲೇ ಅವರು ಮೊದಲು ನುಂಗುವುದು ಪದದ ಬಾಲವನ್ನೇ. 'ತೇಲಿತ್ತು' ಹೋಗಿ 'ತೇಲಿತು' ಆಗುತ್ತದೆ, 'ಕೊಡೆಯೂ' ಹೋಗಿ 'ಕೊಡೆ' ಆಗುತ್ತದೆ.

ತಪ್ಪು ಎಣಿಸುವುದಕ್ಕಿಂತ ತಪ್ಪಿನ ಜಾತಿ ನೋಡುವುದು ಮುಖ್ಯ. 'ಬೆಕ್ಕಿನ' ಅನ್ನು 'ಬೆಕಿನ' ಅಂದರೆ ಒತ್ತು ಕಣ್ಣಿಗೆ ಬೀಳುತ್ತಿಲ್ಲ. 'ತೇಲಿತ್ತು' ಅನ್ನು 'ತೆಲಿತ್ತು' ಅಂದರೆ ದೀರ್ಘ ಬಿಟ್ಟುಹೋಗುತ್ತಿದೆ. ಈ ಎರಡಕ್ಕೂ ಪದ್ಯ ಓದಿಸುತ್ತಲೇ ಆ ಅಕ್ಷರದ ಕೆಳಗೆ ಬಣ್ಣದ ಗೆರೆ ಹಾಕಿದರೆ ಸುಧಾರಿಸುತ್ತದೆ. 'ಹೊಕ್ಕಿತ್ತು' ಅನ್ನು 'ಹಾಕಿತ್ತು' ಅಂದರೆ ಬೇರೆ ಕಥೆ. ಅದು ಊಹೆ. ಮೊದಲ ಅಕ್ಷರ, ಕೊನೆಯ ಬಾಲ ಎರಡನ್ನು ನೋಡಿ ನಡುವೆ ತನಗೆ ತೋಚಿದ್ದನ್ನು ತುಂಬುತ್ತಿದೆ. ಅಂಥ ಮಗುವಿಗೆ ವೇಗದ ಮಾತೇ ಎತ್ತಬೇಡಿ. ನಿಧಾನವಾಗಿ ಓದಿಸಿ, ಅರ್ಥ ಕೂಡುತ್ತದಾ ಅಂತ ಕೇಳಿ: ಬೆಕ್ಕು ಏನು ಹಾಕಿತ್ತು?

ತಪ್ಪಲ್ಲದ್ದನ್ನು ತಪ್ಪು ಅಂತ ಬರೆಯಬೇಡಿ. ಧಾರಾವಿ, ವಡಾಲಾ ಕಡೆ ಎಷ್ಟೋ ಮಕ್ಕಳ ಮನೆಮಾತು ಕಲಬುರಗಿ, ವಿಜಯಪುರದ ಕನ್ನಡ. 'ಮಳೆ' ಅಂತ ಬರೆದದ್ದನ್ನು 'ಮಳಿ' ಅಂತ ಓದುತ್ತಾರೆ, 'ಮೂಲೆಯ' ಅನ್ನು 'ಮೂಲಿಯ' ಅಂತ. ಆ ಮಗು ಅಕ್ಷರ ನೋಡಿದೆ, ಪದ ಗುರುತಿಸಿದೆ, ತನ್ನ ಮನೆಯ ದನಿಯಲ್ಲಿ ಹೇಳಿದೆ. ಓದು ಸರಿ ಇದೆ. ಇನ್ನು ಕೆಲವರು ಬೀದಿಯ ಹಿಂದಿಯ ಪ್ರಭಾವದಿಂದ 'ಒಳಗಡೆ'ಯನ್ನು 'ಒಲಗಡೆ' ಅನ್ನುತ್ತಾರೆ. ಅನುಮಾನ ಬಂದರೆ ಹಾಳೆ ಪಕ್ಕಕ್ಕಿಟ್ಟು ಮಾತಿನಲ್ಲಿ ಕೇಳಿ, 'ಮೇಲಿಂದ ಟಪ್ ಟಪ್ ಅಂತ ಬೀಳೋದು ಏನು?' ಮಾತಿನಲ್ಲೂ 'ಮಳಿ' ಅಂದರೆ ಅದು ಉಚ್ಚಾರ, ಗೆರೆ ಎಳೆಯುವ ಅಗತ್ಯ ಇಲ್ಲ. ಮನೆಯಲ್ಲಿ ತುಳು ಮಾತಾಡುವವರಿಗೆ ಉಚ್ಚಾರಕ್ಕಿಂತ ಪದದ ಅರ್ಥದ ತೊಡಕು ಜಾಸ್ತಿ, ಸೋಮವಾರ ಅರ್ಥ ಹೇಳುವಾಗ ಅವರ ಕಡೆ ಒಂದು ಕಣ್ಣಿರಲಿ.

ಕೊನೆಗೆ, ಇದು ಎಲ್ಲ ಮಕ್ಕಳಿಗೂ ಅಲ್ಲ. ಹಸಿ ಓದಿನಲ್ಲಿ ಹತ್ತು ಅಕ್ಷರಕ್ಕೆ ಒಂದಕ್ಕಿಂತ ಜಾಸ್ತಿ ತಪ್ಪಿದರೆ, ಅಂದರೆ ಈ ಪದ್ಯದಲ್ಲಿ ಏಳಕ್ಕಿಂತ ಮೇಲೆ ಹೋದರೆ, ಆ ಮಗುವಿಗೆ ಈ ಪದ್ಯ ಭಾರ ಅಂತ ನಾನು ತಿಳಿಯುತ್ತೇನೆ. ಎಷ್ಟು ಸಲ ಓದಿಸಿದರೂ ಅದು ಪಕ್ಕದವರ ದನಿ ಕೇಳಿ ಹೇಳುತ್ತದೆ ಅಷ್ಟೇ. ಅವನಿಗೆ ಒತ್ತಿಲ್ಲದ ನಾಲ್ಕು ಸಾಲು ಬರೆದುಕೊಡಿ, ಗುಣಿತಾಕ್ಷರದ ಕೆಲಸ ಬೇರೆಯಾಗಿ ಮಾಡಿಸಿ. ಇನ್ನೊಂದು ತುದಿಯಲ್ಲಿ, ಹೊಸ ಪಾಠವನ್ನೂ ಮಾತಾಡುವ ಹಾಗೆ ಓದುವ ಇಬ್ಬರು ಮೂವರು ನಿಮ್ಮ ತರಗತಿಯಲ್ಲೂ ಇರುತ್ತಾರೆ. ಅದೇ ಪದ್ಯವನ್ನು ವಾರವಿಡೀ ಓದಿಸಿ ಅವರಿಗೆ ಬೇಸರ ತರಿಸಬೇಡಿ. ಬುಧವಾರದಿಂದ ಅವರ ಕೈಗೆ ಕಥೆ ಪುಸ್ತಕ ಕೊಡಿ, ಗುರುವಾರದ ಪದ ಬದಲಿಸಿದ ಪದ್ಯವನ್ನು ಅವರಿಂದಲೇ ಬರೆಸಿ.